ತಲೆಕೆಳಗಾದ ಗಳಿಕೆ ರೇಖೆ ಮತ್ತು ನಮ್ಮ ಪೇಟೆಯ ಬಂಗಾರ



ಅಡಿಕೆ ಮಾರಿದ ಹಣ ಕೈಗೆ ಬರುವುದೂ ಮದುವೆಯ ದಿನಗಳು ಹತ್ತಿರವಾಗುವುದೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಹಾಗಾಗಿ ಶಿರಸಿಯ ಪೇಟೆಯಲ್ಲಿ ಜನವರಿಯಿಂದ ಮೇವರೆಗೆ ಬಂಗಾರದ ಮಾತು ಜೋರಾಗಿರುತ್ತದೆ. ಈಚಿನ ವರ್ಷಗಳಲ್ಲಿ ಆ ಮಾತಿಗೆ ಹೊಸದೊಂದು ಸೇರಿಕೊಂಡಿದೆ. ಅಮೆರಿಕದಲ್ಲಿ ಬಾಂಡುಗಳ ಗಳಿಕೆ ರೇಖೆ ತಲೆಕೆಳಗಾಗಿದೆ, ಹಿಂಜರಿತ ಬರುತ್ತದೆ, ಆದ್ದರಿಂದ ಬಂಗಾರ ಏರುತ್ತದೆ, ಈಗಲೇ ಕೊಳ್ಳಿ ಎಂಬ ಸಲಹೆ ಫೋನುಗಳಲ್ಲಿ ಹರಿದಾಡುತ್ತದೆ. ಈ ಸಲಹೆಯಲ್ಲಿ ನಿಜ ಎಷ್ಟಿದೆ, ಎಲ್ಲಿ ತಪ್ಪಿದೆ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಗಳಿಕೆ ರೇಖೆ ಎಂದರೇನು, ಅದು ಯಾಕೆ ತಲೆಕೆಳಗಾಗುತ್ತದೆ ಎಂದು ನೋಡೋಣ. ಆಮೇಲೆ ಹಾಗಾದಾಗ ಬಂಗಾರ ನಿಜವಾಗಿ ಏನು ಮಾಡಿತು ಎಂಬುದಕ್ಕೆ ಬರೋಣ. ಹೆಚ್ಚು ಸಮಯವನ್ನು ಮೂರನೆಯ ಭಾಗಕ್ಕೆ ಇಟ್ಟುಕೊಂಡಿದ್ದೇನೆ. ಅದು 2013ರ ಕಥೆ. ಆ ವರ್ಷ ನಮ್ಮ ದೇಶದ್ದೇ ರೇಖೆ ತಲೆಕೆಳಗಾಗಿತ್ತು, ಅದಕ್ಕೆ ಒಂದು ಕಾರಣ ನಾವು ಕೊಂಡ ಬಂಗಾರವೇ ಆಗಿತ್ತು. ಕೊನೆಗೆ ಬಂಗಾರ ಅಡವಿಡುವವರ ಲೆಕ್ಕ.

ಸರ್ಕಾರ ಸಾಲ ಪಡೆಯಲು ಬಾಂಡು ಮಾರುತ್ತದೆ. ನೂರು ರೂಪಾಯಿಯ ಹತ್ತು ವರ್ಷದ ಬಾಂಡು ವರ್ಷಕ್ಕೆ ಏಳು ರೂಪಾಯಿ ಬಡ್ಡಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕೊಳ್ಳುವವರು ಮುಗಿಬಿದ್ದು ಅದರ ಪೇಟೆ ಬೆಲೆ 108 ರೂಪಾಯಿಗೆ ಏರಿತು. ಬಡ್ಡಿ ಆಗಲೂ ಏಳೇ ರೂಪಾಯಿ, ಹತ್ತು ವರ್ಷದ ಕೊನೆಗೆ ಕೈಗೆ ಬರುವುದೂ ನೂರೇ ರೂಪಾಯಿ. ಹಾಗಾಗಿ 108 ಕೊಟ್ಟವನಿಗೆ ನಿಜವಾಗಿ ದಕ್ಕುವುದು ವರ್ಷಕ್ಕೆ ಸುಮಾರು ಶೇ 5.9. ಇದನ್ನೇ ಗಳಿಕೆ ಎನ್ನುತ್ತಾರೆ. ಬಾಂಡಿನ ಬೆಲೆ ಏರಿದರೆ ಗಳಿಕೆ ಇಳಿಯುತ್ತದೆ, ಬೆಲೆ ಇಳಿದರೆ ಗಳಿಕೆ ಏರುತ್ತದೆ. ಮೂರು ತಿಂಗಳು, ಎರಡು ವರ್ಷ, ಹತ್ತು ವರ್ಷ, ಹೀಗೆ ಬೇರೆ ಬೇರೆ ಅವಧಿಯ ಬಾಂಡುಗಳ ಗಳಿಕೆಯನ್ನು ಗುರುತಿಸಿ ಗೆರೆ ಎಳೆದರೆ ಅದೇ ಗಳಿಕೆ ರೇಖೆ. ಹೆಚ್ಚು ಕಾಲ ಹಣ ಬಿಟ್ಟುಕೊಟ್ಟವರು ಹೆಚ್ಚು ಬಡ್ಡಿ ಕೇಳುವುದು ಸಹಜ. ಆದ್ದರಿಂದ ರೇಖೆ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಏರುತ್ತಾ ಹೋಗುತ್ತದೆ.

ಅದು ತಲೆಕೆಳಗಾಗುವುದನ್ನು ನೀವೆಲ್ಲ ಬ್ಯಾಂಕಿನ ಬಡ್ಡಿದರದ ಫಲಕದಲ್ಲಿ ನೋಡಿದ್ದೀರಿ. 2023ರ ಏಪ್ರಿಲ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕು 400 ದಿನದ ಠೇವಣಿಗೆ ಶೇ 7.1 ಕೊಡುತ್ತಿತ್ತು. ಐದು ವರ್ಷ ದಾಟಿದ ಠೇವಣಿಗೆ ಕೊಡುತ್ತಿದ್ದುದು ಶೇ 6.5. ಬ್ಯಾಂಕಿನ ಎಣಿಕೆ ಸ್ಪಷ್ಟವಾಗಿತ್ತು. ಇವತ್ತು ಹಣ ತುಟ್ಟಿ, ಆದರೆ ಈ ಸ್ಥಿತಿ ಬಹುಕಾಲ ಇರುವುದಿಲ್ಲ, ಮುಂದೆ ದರ ಇಳಿಯುತ್ತದೆ. ಹಾಗಿರುವಾಗ ಹತ್ತು ವರ್ಷಕ್ಕೆ ಹೆಚ್ಚಿನ ಬಡ್ಡಿಯ ಮಾತು ಕೊಟ್ಟು ಕಟ್ಟಿಹಾಕಿಕೊಳ್ಳುವುದೇಕೆ? ಬಾಂಡು ಪೇಟೆಯಲ್ಲೂ ನಡೆಯುವುದು ಇದೇ. ಕೇಂದ್ರ ಬ್ಯಾಂಕು ಹಣದುಬ್ಬರ ತಗ್ಗಿಸಲು ಅಲ್ಪಾವಧಿಯ ದರ ಏರಿಸುತ್ತದೆ. ಮುಂದೆ ವ್ಯಾಪಾರ ಕುಗ್ಗಿ ದರ ಇಳಿಸಲೇಬೇಕಾಗುತ್ತದೆ ಎಂದು ನಂಬಿದವರು ಇಂದಿನ ಗಳಿಕೆಯನ್ನು ಹತ್ತು ವರ್ಷಕ್ಕೆ ಭದ್ರ ಮಾಡಿಕೊಳ್ಳಲು ದೀರ್ಘಾವಧಿ ಬಾಂಡು ಕೊಳ್ಳುತ್ತಾರೆ. ಎಡತುದಿ ಮೇಲೆದ್ದು ಬಲತುದಿ ತಗ್ಗುತ್ತದೆ.

ಇದರಿಂದ ಹಿಂಜರಿತವನ್ನು ಮುಂಗಾಣಬಹುದು ಎಂಬುದನ್ನು ಕ್ಯಾಂಪ್‌ಬೆಲ್ ಹಾರ್ವೆ ಎಂಬ ಅರ್ಥಶಾಸ್ತ್ರಜ್ಞರು 1986ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ತೋರಿಸಿದರು. ಆಮೇಲೆ 1990, 2001 ಮತ್ತು 2007ರ ಕೊನೆಯಲ್ಲಿ ಅಮೆರಿಕದಲ್ಲಿ ಶುರುವಾದ ಹಿಂಜರಿತಗಳಿಗೆಲ್ಲ ಮುಂಚೆ ರೇಖೆ ತಲೆಕೆಳಗಾಗಿತ್ತು. ತಲೆಕೆಳಗಾದ ರೇಖೆ ಬರೀ ಸೂಚನೆಯಲ್ಲ, ಅದಕ್ಕೂ ಒಂದು ಹೊಡೆತ ಇದೆ. ಬ್ಯಾಂಕುಗಳು ಬದುಕುವುದು ಅಲ್ಪಾವಧಿಯ ಠೇವಣಿ ಪಡೆದು ದೀರ್ಘಾವಧಿಯ ಸಾಲ ಕೊಟ್ಟು. ಠೇವಣಿಯ ದರ ಸಾಲದ ದರವನ್ನು ಮುಟ್ಟಿದರೆ ಸಾಲ ಕೊಡುವ ಉತ್ಸಾಹವೇ ಬತ್ತುತ್ತದೆ. ಸೇವಾ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಭಾಗ, ಬಂಗಾರದ ನಡೆ.

ಬಂಗಾರ ಬಡ್ಡಿ ಕೊಡುವುದಿಲ್ಲ. ಅಲ್ಪಾವಧಿಯ ಬಾಂಡು ಶೇ 5ರಷ್ಟು ಕೊಡುವಾಗ ಬಂಗಾರ ಇಟ್ಟುಕೊಂಡವನು ಅಷ್ಟನ್ನು ಬಿಟ್ಟುಕೊಟ್ಟಂತೆ. ರೇಖೆ ತಲೆಕೆಳಗಾಗಿರುವ ಕಾಲವೆಂದರೆ ಅಲ್ಪಾವಧಿಯ ದರ ಅತಿ ಎತ್ತರದಲ್ಲಿರುವ ಕಾಲ, ಅಂದರೆ ಬಂಗಾರ ಇಟ್ಟುಕೊಳ್ಳುವುದು ಅತಿ ದುಬಾರಿಯಾದ ಕಾಲ. ಫೋನಿನ ಸಲಹೆ ಎಡವುವುದು ಇಲ್ಲಿಯೇ. ರೇಖೆ ತಿರುಗಿ ಬಿದ್ದಾಗ ಬಂಗಾರಕ್ಕೆ ಭಾರ. ಅಲ್ಪಾವಧಿಯ ದರ ಕುಸಿದು ರೇಖೆ ಮತ್ತೆ ನೆಟ್ಟಗಾಗುವಾಗ ಬಂಗಾರಕ್ಕೆ ಬಲ.

2006ರ ಜೂನ್ ಕೊನೆಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ದರವನ್ನು ಶೇ 5.25ಕ್ಕೆ ತಂದು ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಹಿಡಿದಿಟ್ಟಿತು. ಆ ಅವಧಿಯ ಬಹುಪಾಲು ರೇಖೆ ತಲೆಕೆಳಗಾಗಿತ್ತು. ಬಂಗಾರ ಆಗ ಔನ್ಸಿಗೆ ಸುಮಾರು 560 ಮತ್ತು 690 ಡಾಲರುಗಳ ನಡುವೆ ತೂಗಾಡುತ್ತಿತ್ತು, ಎತ್ತಲೂ ಹೋಗಲಿಲ್ಲ. 2007ರ ಸೆಪ್ಟೆಂಬರ್ 18ರಂದು ಫೆಡರಲ್ ರಿಸರ್ವ್ ಒಮ್ಮೆಲೇ ಅರ್ಧ ಶೇಕಡಾಂಶ ಇಳಿಸಿತು. ಮುಂದಿನ ಮಾರ್ಚ್‌ಗೆ ಬಂಗಾರ ಮೊದಲ ಬಾರಿ ಸಾವಿರ ಡಾಲರ್ ದಾಟಿತು. ಆದರೆ ಅದೇ 2008ರ ಅಕ್ಟೋಬರ್‌ನಲ್ಲಿ, ಲೀಮನ್ ಬ್ರದರ್ಸ್ ಮುಳುಗಿ ಹಿಂಜರಿತದ ಭಯ ತುತ್ತತುದಿಯಲ್ಲಿದ್ದಾಗ, ಬಂಗಾರ ಮತ್ತೆ 700ರ ಆಸುಪಾಸಿಗೆ ಬಿತ್ತು. ಎಲ್ಲರಿಗೂ ತುರ್ತಾಗಿ ನಗದು ಬೇಕಾಗಿತ್ತು, ಮಾರಲು ಸಾಧ್ಯವಾದದ್ದನ್ನೆಲ್ಲ ಮಾರಿದರು. 1,900 ಡಾಲರಿನ ಏರಿಕೆ ಬಂದದ್ದು 2011ರಲ್ಲಿ, ದರಗಳು ಸೊನ್ನೆಯ ಹತ್ತಿರ ನಿಂತು ಎರಡೂವರೆ ವರ್ಷ ಕಳೆದ ಮೇಲೆ.

ಇದನ್ನು ಕೆಲವೇ ದಿನಗಳ ಅಳತೆಯಲ್ಲಿ ನೋಡಬೇಕೆಂದರೆ 2023ರ ಮಾರ್ಚ್ ಇದೆ. ಮಾರ್ಚ್ 8ರಂದು ಅಮೆರಿಕದ ಎರಡು ವರ್ಷದ ಗಳಿಕೆ ಹತ್ತು ವರ್ಷದ್ದಕ್ಕಿಂತ ಒಂದು ಶೇಕಡಾಂಶಕ್ಕೂ ಹೆಚ್ಚು ಮೇಲಿತ್ತು. ನಾಲ್ಕು ದಶಕಗಳಲ್ಲಿ ಅಷ್ಟು ಆಳವಾಗಿ ರೇಖೆ ತಿರುಗಿರಲಿಲ್ಲ. ಬಂಗಾರ ಆ ದಿನ 1,815 ಡಾಲರಿನ ಆಸುಪಾಸು. ಎರಡು ದಿನದ ಬಳಿಕ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಚ್ಚಿತು. ದರ ಕಡಿಮೆಯಿದ್ದಾಗ ಅದು ಕೊಂಡಿದ್ದ ದೀರ್ಘಾವಧಿ ಬಾಂಡುಗಳ ಬೆಲೆ ಇಳಿದಿತ್ತು, ಠೇವಣಿದಾರರು ಹಣ ಕೇಳಿದಾಗ ನಷ್ಟದಲ್ಲಿ ಮಾರಬೇಕಾಯಿತು. ಇನ್ನು ದರ ಏರಿಸಲು ಆಗುವುದಿಲ್ಲ ಎಂದು ಪೇಟೆ ನಂಬಿತು. ಎರಡು ವರ್ಷದ ಗಳಿಕೆ ಕೆಲವೇ ದಿನಗಳಲ್ಲಿ ಶೇ 5ರಿಂದ ಶೇ 4ರ ಮಟ್ಟಕ್ಕೆ ಜಾರಿತು. ಬಂಗಾರ ಎರಡು ವಾರದೊಳಗೆ 1,980ರ ಸುತ್ತ ಬಂತು. ಭಯ ಬಂಗಾರವನ್ನು ಏರಿಸಿತು ನಿಜ, ಆದರೆ ಅಲ್ಪಾವಧಿಯ ಗಳಿಕೆಯನ್ನು ಕೆಳಗೆ ತಂದು ಏರಿಸಿತು.

ಇಷ್ಟು ಹೇಳಿ, ಈ ನಿಯಮದ ಮಿತಿಯನ್ನೂ ಹೇಳಬೇಕು. 2022ರ ಜುಲೈನಲ್ಲಿ ತಲೆಕೆಳಗಾದ ಎರಡು-ಹತ್ತು ವರ್ಷಗಳ ರೇಖೆ 2024ರ ಸೆಪ್ಟೆಂಬರ್ ಹೊತ್ತಿಗೆ ನೆಟ್ಟಗಾಯಿತು. ಈ ಎರಡು ವರ್ಷಕ್ಕೂ ಮೀರಿದ ಎಚ್ಚರಿಕೆಯ ನಡುವೆ ಅಮೆರಿಕಕ್ಕೆ ಹಿಂಜರಿತ ಬರಲಿಲ್ಲ. 1966ರಲ್ಲೂ ಒಮ್ಮೆ ಹೀಗೆಯೇ ಸುಳ್ಳು ಸೂಚನೆ ಸಿಕ್ಕಿತ್ತು. ಬಂಗಾರವೂ ನನ್ನ ನಿಯಮವನ್ನು ಅರ್ಧ ಮಾತ್ರ ಪಾಲಿಸಿತು. ರೇಖೆ ತಿರುಗಿದ ಮೊದಲ ತಿಂಗಳುಗಳಲ್ಲಿ 1,800ರಿಂದ 1,630 ಡಾಲರಿಗೆ ಇಳಿಯಿತು. ಆದರೆ ದರ ಕಡಿತಕ್ಕೆ ಮುಂಚೆಯೇ, ಅಂದರೆ ಅಲ್ಪಾವಧಿಯ ದರ ಶೇ 5ಕ್ಕೂ ಮೇಲಿರುವಾಗಲೇ, 2024ರಲ್ಲಿ 2,500ನ್ನು ದಾಟಿಬಿಟ್ಟಿತು. ಕಾರಣ ಬೇರೆ ಕಡೆಯಿಂದ ಬಂದ ಕೊಳ್ಳುವಿಕೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ವಿದೇಶಿ ಮೀಸಲಿನ ದೊಡ್ಡ ಪಾಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಡಾಲರ್ ಬಾಂಡಿಗಿಂತ ತಿಜೋರಿಯ ಬಂಗಾರ ವಾಸಿ ಎಂದು ಹಲವು ಕೇಂದ್ರ ಬ್ಯಾಂಕುಗಳಿಗೆ ಅನ್ನಿಸಿತು. 2022, 2023, 2024, ಮೂರೂ ವರ್ಷ ಅವು ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಕೊಂಡವು. 2024ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಂಡದ್ದೇ 70 ಟನ್ನಿಗೂ ಹೆಚ್ಚು. ಬಡ್ಡಿ ಬಿಟ್ಟುಹೋಗುತ್ತದೆ ಎಂದು ಯೋಚಿಸದೆ ಕೊಳ್ಳುವವರು ಪೇಟೆಯಲ್ಲಿ ಇಷ್ಟು ದೊಡ್ಡದಾಗಿ ಇಳಿದಾಗ ಗಳಿಕೆ ರೇಖೆಯೊಂದರಿಂದಲೇ ಬಂಗಾರದ ಬೆಲೆ ಅಳೆಯಲಾಗದು.

ಈಗ ಮೂರನೆಯ ಭಾಗಕ್ಕೆ, ನಮ್ಮದೇ ನೆಲಕ್ಕೆ ಬರುತ್ತೇನೆ.

2012-13ರಲ್ಲಿ ಭಾರತದ ಚಾಲ್ತಿ ಖಾತೆಯ ಕೊರತೆ ಒಟ್ಟು ದೇಶೀಯ ಉತ್ಪನ್ನದ ಶೇ 4.8ಕ್ಕೆ ಮುಟ್ಟಿತ್ತು. ಸರಳವಾಗಿ ಹೇಳಿದರೆ ದೇಶ ಗಳಿಸಿದ ಡಾಲರಿಗಿಂತ ಖರ್ಚು ಮಾಡಿದ ಡಾಲರು ಸುಮಾರು 88 ಶತಕೋಟಿಯಷ್ಟು ಹೆಚ್ಚು. ಆ ವರ್ಷ ಬಂಗಾರದ ಆಮದಿಗೇ 50 ಶತಕೋಟಿಗೂ ಹೆಚ್ಚು ಡಾಲರ್ ಹೋಗಿತ್ತು. 2013ರ ಏಪ್ರಿಲ್ ಮಧ್ಯದಲ್ಲಿ ಲೋಕದ ಬೆಲೆ ಎರಡೇ ದಿನದಲ್ಲಿ ಇನ್ನೂರು ಡಾಲರಿನಷ್ಟು ಕುಸಿದಾಗ ಭಾರತದ ಅಂಗಡಿಗಳಿಗೆ ಜನ ನುಗ್ಗಿದರು, ಆಮದು ಇನ್ನೂ ಉಬ್ಬಿತು. ಮೇ ತಿಂಗಳಲ್ಲಿ ಫೆಡರಲ್ ರಿಸರ್ವಿನ ಅಧ್ಯಕ್ಷ ಬೆನ್ ಬರ್ನಾಂಕಿ ಬಾಂಡು ಖರೀದಿ ತಗ್ಗಿಸುವ ಸುಳಿವು ಕೊಟ್ಟರು. ವಿದೇಶಿ ಹಣ ಹೊರಟಿತು. ಸುಮಾರು 55 ಇದ್ದ ಡಾಲರಿನ ಬೆಲೆ ಜೂನ್ ಕೊನೆಗೆ 60 ರೂಪಾಯಿಯ ಹತ್ತಿರ ಬಂತು.

ಜುಲೈ 15ರ ರಾತ್ರಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ತುರ್ತು ಸಾಲದ ದರವನ್ನು ಶೇ 10.25ಕ್ಕೆ ಏರಿಸಿತು. ಮಾಮೂಲಿ ರೆಪೊ ದರ ಶೇ 7.25ರಲ್ಲೇ ಇತ್ತು, ಆದರೆ ಆ ದರದಲ್ಲಿ ಸಿಗುವ ಹಣಕ್ಕೆ ಮಿತಿ ಹಾಕಿತು. ಉದ್ದೇಶ ರೂಪಾಯಿಯ ರಕ್ಷಣೆ: ರೂಪಾಯಿ ಸಾಲ ಪಡೆದು ಡಾಲರ್ ಕೊಳ್ಳುವ ಸಟ್ಟಾ ದುಬಾರಿಯಾಗಬೇಕು. ಕೆಲವೇ ವಾರಗಳಲ್ಲಿ 91 ದಿನದ ಖಜಾನೆ ಹುಂಡಿಯ ಗಳಿಕೆ ಶೇ 11ರ ಸುತ್ತ ಬಂತು, ಹತ್ತು ವರ್ಷದ ಬಾಂಡಿನ ಗಳಿಕೆ ಅದಕ್ಕಿಂತ ಎರಡು ಶೇಕಡಾಂಶದಷ್ಟು ಕೆಳಗಿತ್ತು. ಭಾರತದ ಗಳಿಕೆ ರೇಖೆ ಪೂರ್ತಿ ತಲೆಕೆಳಗಾಯಿತು.

ಜತೆಗೇ ಬಂಗಾರಕ್ಕೆ ಕಡಿವಾಣ ಬಿತ್ತು. ಆಮದು ಸುಂಕ ಜೂನ್‌ನಲ್ಲಿ ಶೇ 8 ಆಗಿತ್ತು, ಆಗಸ್ಟ್‌ನಲ್ಲಿ ಶೇ 10 ಆಯಿತು. ತಂದ ಬಂಗಾರದಲ್ಲಿ ಐದನೇ ಒಂದು ಭಾಗ ರಫ್ತುದಾರರಿಗೇ ಹೋಗಬೇಕು ಎಂಬ ನಿಯಮ ಜುಲೈನಲ್ಲಿ ಬಂತು, 80:20 ಎಂದು ಪೇಟೆಯಲ್ಲಿ ಹೆಸರಾದದ್ದು ಇದೇ.

ನಮ್ಮ ಪೇಟೆಯಲ್ಲಿ ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಔನ್ಸ್ ಎಂದರೆ 31.1 ಗ್ರಾಂ. ಜೂನ್ ಕೊನೆಗೆ ಲೋಕದ ಬೆಲೆ ಸುಮಾರು 1,200 ಡಾಲರ್, ಡಾಲರಿಗೆ 60 ರೂಪಾಯಿ. ಔನ್ಸಿಗೆ 72,000 ಆಯಿತು. ಅದನ್ನು 31.1ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಹತ್ತು ಗ್ರಾಮಿಗೆ 23,150. ಶೇ 8 ಸುಂಕ ಸೇರಿಸಿದರೆ 25,000. ಆಗಸ್ಟ್ 28ರ ಹೊತ್ತಿಗೆ ಲೋಕದ ಬೆಲೆ 1,420 ಡಾಲರಿಗೆ ಬಂದಿತ್ತು, ಡಾಲರಿಗೆ 68.80 ರೂಪಾಯಿ, ಸುಂಕ ಶೇ 10. ಅದೇ ಲೆಕ್ಕ ಮಾಡಿದರೆ ಸುಮಾರು 34,500. ಎರಡು ತಿಂಗಳಲ್ಲಿ 9,500 ರೂಪಾಯಿಯ ಏರಿಕೆ. ರೂಪಾಯಿ 60ರಲ್ಲೇ, ಸುಂಕ ಶೇ 8ರಲ್ಲೇ ನಿಂತಿದ್ದರೆ ಬೆಲೆ 29,600ರ ಹತ್ತಿರ ನಿಲ್ಲುತ್ತಿತ್ತು. ಅಂದರೆ ಏರಿಕೆಯ ಅರ್ಧಕ್ಕೂ ಹೆಚ್ಚು ಬಂಗಾರದ್ದಲ್ಲ, ರೂಪಾಯಿಯದ್ದು ಮತ್ತು ಸುಂಕದ್ದು.

ಈಗ ಎರಡು ರೇಖೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ರೇಖೆ ತಿರುಗಿದ್ದು ಮುಂದೆ ಹಿಂಜರಿತ ಬರುತ್ತದೆ ಎಂಬ ಎಣಿಕೆಯಿಂದ. ನಮ್ಮದು ತಿರುಗಿದ್ದು ರೂಪಾಯಿ ಉಳಿಸಲು ಕೇಂದ್ರ ಬ್ಯಾಂಕು ಕೈಯಾರೆ ಮಾಡಿದ ಬಿಗಿತದಿಂದ. ಭಾರತದ ಬೆಳವಣಿಗೆ ಆಗ ಕುಂದಿತ್ತು, ಆದರೆ ಹಿಂಜರಿತವೇನೂ ಆಗಲಿಲ್ಲ. ಸೆಪ್ಟೆಂಬರ್ 4ರಂದು ರಘುರಾಂ ರಾಜನ್ ಗವರ್ನರ್ ಆದರು. ರೂಪಾಯಿ ಚೇತರಿಸಿದಂತೆ ತುರ್ತು ದರವನ್ನು ಮೂರು ಕಂತಿನಲ್ಲಿ ಇಳಿಸಿ ಅಕ್ಟೋಬರ್ ಕೊನೆಗೆ ಶೇ 8.75ಕ್ಕೆ ತಂದರು, ರೇಖೆ ಸಹಜ ಸ್ಥಿತಿಗೆ ಮರಳತೊಡಗಿತು. ರೇಖೆ ನೆಟ್ಟಗಾದಾಗ ಅಮೆರಿಕದಲ್ಲಿ ಬಂಗಾರ ಏರುತ್ತಿತ್ತು, ಇಲ್ಲಿ ಇಳಿಯಿತು. ಯಾಕೆಂದರೆ ಇಲ್ಲಿ ರೇಖೆಯನ್ನು ನೆಟ್ಟಗಾಗಿಸಿದ್ದೂ ಬಂಗಾರವನ್ನು ಇಳಿಸಿದ್ದೂ ಒಂದೇ, ರೂಪಾಯಿಯ ಚೇತರಿಕೆ. ಆಕಾರ ನೋಡಿ ತೀರ್ಮಾನಿಸುವವರು ಯಾವ ಕಾರಣದಿಂದ ರೇಖೆ ತಿರುಗಿತು ಎಂದು ಮೊದಲು ಕೇಳಬೇಕು.

ಆ ಆಗಸ್ಟ್ ಕೊನೆಯಲ್ಲಿ, ಇನ್ನೂ ಏರುತ್ತದೆ ಎಂಬ ಭಯಕ್ಕೆ, ಮುಂದಿನ ಬೇಸಿಗೆಯ ಮದುವೆಗೆಂದು ಕೊಂಡವರ ಬಗ್ಗೆ ನನಗೆ ಇಂದಿಗೂ ಮರುಕವಿದೆ. ಅವರು ಕೊಟ್ಟ ಬೆಲೆ ಮತ್ತೆ ಕಾಣಲು 2019 ಬರಬೇಕಾಯಿತು. ಅಷ್ಟು ಕಾಲ ಅದೇ ಹಣ ಶೇ 8.5ರ ಮುದ್ದತಿ ಠೇವಣಿಯಲ್ಲಿ ಇದ್ದಿದ್ದರೆ ಒಂದೂವರೆ ಪಟ್ಟಿಗೂ ಹೆಚ್ಚು ಆಗಿರುತ್ತಿತ್ತು. ಮಗಳಿಗೆ ಹಾಕಿದ ಬಂಗಾರವನ್ನು ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ, ಹಾಕಲೂಬಾರದು. ಆದರೆ ಹೂಡಿಕೆ ಎಂದೇ ಕೊಂಡವರು ಹಾಕಬೇಕು.

2022ರಲ್ಲಿ ಇದೇ ಸಂಗತಿ ಬೇರೆ ರೂಪದಲ್ಲಿ ಬಂತು. ಲೋಕದ ಬೆಲೆ 1,800ರಿಂದ 1,630 ಡಾಲರಿಗೆ ಇಳಿದದ್ದನ್ನು ಆಗಲೇ ಹೇಳಿದೆ. ಆ ಅವಧಿಯಲ್ಲಿ ಡಾಲರ್ 79ರಿಂದ 82.80 ರೂಪಾಯಿಗೆ ಏರಿತು, ಜುಲೈ 1ರಿಂದ ಸುಂಕವೂ ಶೇ 10.75ರಿಂದ ಶೇ 15 ಆಯಿತು. ಲೆಕ್ಕ ಮಾಡಿದರೆ ಹತ್ತು ಗ್ರಾಮಿಗೆ 50,600 ಇದ್ದದ್ದು 49,900 ಆಗುತ್ತದೆ, ಅಷ್ಟೇ. ನ್ಯೂಯಾರ್ಕಿನಲ್ಲಿ ನೂರಕ್ಕೆ ಒಂಬತ್ತು ಇಳಿದ ಬಂಗಾರ ಶಿರಸಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಇಳಿದೇ ಇರಲಿಲ್ಲ. 2024ರ ಜುಲೈ 23ರಂದು ಇದಕ್ಕೆ ತದ್ವಿರುದ್ಧ ನಡೆಯಿತು. ಕೇಂದ್ರ ಬಜೆಟ್ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ತಂದಾಗ ಒಂದೆರಡು ದಿನದಲ್ಲೇ ಹತ್ತು ಗ್ರಾಮಿಗೆ ಸಾವಿರಾರು ರೂಪಾಯಿ ಇಳಿಯಿತು. ರೇಖೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಈ ಬಂಗಾರ ಕೊಳ್ಳುವ ಹಣ ತರುವ ನಮ್ಮ ಅಡಿಕೆ ಮಾತ್ರ ರೂಪಾಯಿಯಲ್ಲಿ, ದೇಶದೊಳಗೇ ಮಾರಾಟವಾಗುವ ಬೆಳೆ. ರಾಶಿ, ಚಾಲಿಯ ದರ ಏರಿಳಿಯುವುದು ಉತ್ತರ ಭಾರತದ ಬೇಡಿಕೆ, ಕೊಳೆ ರೋಗದ ಹಾವಳಿ, ಹೊರಗಿನ ಅಡಿಕೆಯ ಆಮದು, ಇಂಥವುಗಳಿಂದ. ಬಂಗಾರ ಏರಿಳಿಯುವುದು ನಾನು ಇಷ್ಟು ಹೊತ್ತು ಹೇಳಿದ ಕಾರಣಗಳಿಂದ. ಇವೆರಡೂ ಜತೆಜತೆಗೆ ನಡೆಯಬೇಕಾದ ಕಾರಣವಿಲ್ಲ. ಒಂದು ಕ್ವಿಂಟಲ್ ಅಡಿಕೆಗೆ ಎಷ್ಟು ಗ್ರಾಂ ಬಂಗಾರ ಬರುತ್ತಿತ್ತು ಎಂಬುದನ್ನು ಮಾರಾಟ ಸಂಘಗಳ ಹಳೆಯ ದರಪಟ್ಟಿಗಳಿಂದ ವರ್ಷವಾರು ತೆಗೆದು ಬರೆಯುವ ಕೆಲಸವನ್ನು ಇಲ್ಲಿಯ ಕಾಲೇಜಿನ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಬೆಳೆಗಾರನ ಮನೆಗೆ ಡಾಲರ್ ಬೆಲೆಗಿಂತ ಆ ಸಂಖ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ಅಡವಿನ ಮಾತು. ಮಳೆಗಾಲದಲ್ಲಿ ಕೊಳೆ ಔಷಧ ಹೊಡೆಸಲು, ಶಾಲೆ ಕಾಲೇಜಿನ ಶುಲ್ಕಕ್ಕೆ, ಮನೆಯ ಬಂಗಾರ ಸಂಘದ ತಿಜೋರಿಗೆ ಹೋಗಿ ಅಡಿಕೆ ಮಾರಿದ ಮೇಲೆ ವಾಪಸು ಬರುವುದು ನಮ್ಮಲ್ಲಿ ವಾಡಿಕೆ. ಬೆಲೆ ಏರಿದಾಗ ಅದೇ ಬಳೆಗೆ ಹೆಚ್ಚು ಸಾಲ ಸಿಗುತ್ತದೆ, ಅಪಾಯವೂ ಅಲ್ಲೇ ಇದೆ. ಒಂದು ಲಕ್ಷದ ಬಂಗಾರಕ್ಕೆ ಶೇ 75ರಂತೆ 75,000 ಸಾಲ ಸಿಕ್ಕಿತು ಎನ್ನಿ. ಬಡ್ಡಿ ಶೇ 12, ಅಸಲು ಬಡ್ಡಿ ಎರಡನ್ನೂ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಕರಾರು. ವರ್ಷ ಕಳೆದಾಗ ಬಾಕಿ 84,000. ಈ ನಡುವೆ ಬಂಗಾರ ನೂರಕ್ಕೆ ಹದಿನಾರು ಇಳಿದರೆ ಅಡವಿಟ್ಟ ವಸ್ತುವಿನ ಬೆಲೆಯೂ 84,000. ಸಂಘಕ್ಕೆ ಭದ್ರತೆಯ ಅಂಚೇ ಉಳಿಯಲಿಲ್ಲ, ಮನೆಯವರಿಗೆ ಬಿಡಿಸಿಕೊಳ್ಳುವ ಆಸೆಯೂ ಉಳಿಯದೆ ಹೋಗಬಹುದು. ಹದಿನಾರರ ಇಳಿಕೆ ಕಲ್ಪನೆಯಲ್ಲ. 2012ರ ಕೊನೆಗೆ ಹತ್ತು ಗ್ರಾಮಿಗೆ 31,000ದ ಆಸುಪಾಸಿದ್ದ ಅಂಗಡಿಯ ಬೆಲೆ 2013ರ ಜೂನ್ ಕೊನೆಗೆ 26,000ದ ಹತ್ತಿರ ಬಂದಿತ್ತು, ಅದೂ ರೂಪಾಯಿ ಬೀಳುತ್ತಿದ್ದಾಗ.

ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಬಳಕೆಗೆಂದು ಪಡೆಯುವ ಸಣ್ಣ ಸಾಲಗಳ ಮಿತಿಯನ್ನು ಸಡಿಲಿಸಿತು: ಎರಡೂವರೆ ಲಕ್ಷದವರೆಗೆ ಬಂಗಾರದ ಬೆಲೆಯ ಶೇ 85, ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಆದರೆ ಒಟ್ಟಿಗೆ ತೀರಿಸುವ ಸಾಲಗಳಲ್ಲಿ ಈ ಪ್ರಮಾಣವನ್ನು ಕೊಟ್ಟ ಅಸಲಿನ ಮೇಲಲ್ಲ, ಅವಧಿಯ ಕೊನೆಗೆ ಕಟ್ಟಬೇಕಾದ ಪೂರ್ತಿ ಮೊತ್ತದ ಮೇಲೆ ಅಳೆಯಬೇಕು ಎಂದೂ ಅದೇ ನಿರ್ದೇಶನ ಹೇಳುತ್ತದೆ. ಆ ಪ್ರಕಾರ ಶೇ 12ರ ಬಡ್ಡಿಯಲ್ಲಿ ವರ್ಷದ ಕೊನೆಗೆ 85,000 ಮೀರಬಾರದೆಂದರೆ ಒಂದು ಲಕ್ಷದ ಬಂಗಾರಕ್ಕೆ ಇವತ್ತು ಕೈಗೆ ಸಿಗುವುದು ಸುಮಾರು 75,900 ಮಾತ್ರ. ಶೇ 85 ಸಿಗುತ್ತದೆ ಎಂದು ಸದಸ್ಯರು ಕೌಂಟರಿನಲ್ಲಿ ವಾದಿಸಿದಾಗ ಸಂಘದ ಕಾರ್ಯದರ್ಶಿಗಳು ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಬೇಕು. ತಿಂಗಳು ತಿಂಗಳು ಬಡ್ಡಿ ಕಟ್ಟುವ ಕರಾರು ಮಾಡಿಕೊಂಡರೆ ಹೆಚ್ಚು ಅಸಲು ಸಿಗಬಹುದು. ಆದರೆ ಅಡಿಕೆ ಮಾರಿದಾಗ ಮಾತ್ರ ಹಣ ಕಾಣುವ ಮನೆಗಳಿಗೆ ಆ ಕರಾರು ಹೊಂದುವುದಿಲ್ಲ. ನನ್ನ ಮಟ್ಟಿಗೆ, ಕೊನೆ ಕೊಯ್ಲಿನ ನಂತರ ತೀರಿಸುವ ಕರಾರಿನಲ್ಲಿ, ಬೆಲೆಯ ಶೇ 65ಕ್ಕಿಂತ ಹೆಚ್ಚು ಸಾಲ ಕೇಳದೆ ಅಡವಿಡುವುದೇ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬೆಳೆಗಾರರಿಗೆ ಸರಿಯಾದ ಕ್ರಮ. ಹಾಗೆ ಮಾಡಿದರೆ ವರ್ಷದ ಬಾಕಿ 72,800ರಲ್ಲಿ ನಿಲ್ಲುತ್ತದೆ. 2013ರಂತೆ ಬೆಲೆ ಮತ್ತೆ ಹದಿನಾರು ಇಳಿದರೂ ಬಾಕಿಗೂ ಬಂಗಾರದ ಬೆಲೆಗೂ ನಡುವೆ ಹನ್ನೊಂದು ಸಾವಿರ ರೂಪಾಯಿಯ ಅಂತರ ಉಳಿದಿರುತ್ತದೆ.